'ನಾಳೆ' ಎಂಬ ಪದವನ್ನು ಬಿಟ್ಟ ಕಥೆ

ಭೂಗೋಳದ ತರಗತಿಯಲ್ಲಿ ನಾನು ಒಂದು ಕಿತ್ತಳೆ ಹಣ್ಣನ್ನೂ ಒಂದು ಮೇಣದ ಬತ್ತಿಯನ್ನೂ ಇಟ್ಟುಕೊಂಡು ಹಗಲು ರಾತ್ರಿಗಳ ಪಾಠ ಮಾಡುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಕಿಟಕಿಗಳನ್ನು ಮುಚ್ಚಿಸಿ, ಹಣ್ಣಿಗೆ ಎರಡು ಗುಂಡುಸೂಜಿಗಳನ್ನು ಚುಚ್ಚಿ, ಒಂದು ಸೂಜಿಗೆ ಬೆಳಕು ತಗಲುವಾಗ ಇನ್ನೊಂದು ಕತ್ತಲಲ್ಲಿರುವುದನ್ನು ತೋರಿಸುತ್ತಿದ್ದೆ. ಪಾಠ ಮುಗಿದ ಮೇಲೆ ಆ ಹಣ್ಣು ಯಾರ ಪಾಲಾಗುತ್ತಿತ್ತೆಂಬುದನ್ನು ಇಲ್ಲಿ ಬರೆಯುವುದಿಲ್ಲ, ತಿಂದವರಿಗೆ ಗೊತ್ತಿದೆ. ಮೂವತ್ತು ವರ್ಷ ಈ ಪಾಠ ಹೇಳಿದವನು ತನ್ನ ಸ್ವಂತ ಮಗಳ ವಿಷಯದಲ್ಲಿ ಅದನ್ನೇ ಮರೆತ ಪ್ರಸಂಗವೊಂದನ್ನು ಈ ದಿನ ಹೇಳಿಕೊಳ್ಳಬೇಕಾಗಿದೆ.

ನಮ್ಮ ಮನೆಯಲ್ಲಿ ಏಕಾದಶಿಯ ವ್ರತ ತಲೆಮಾರುಗಳಿಂದ ನಡೆದುಬಂದಿದೆ. ದಶಮಿಯಂದು ಒಂದು ಹೊತ್ತಿನ ಊಟ, ಏಕಾದಶಿಯಂದು ಉಪವಾಸ, ದ್ವಾದಶಿಯ ಬೆಳಿಗ್ಗೆ ಪಾರಣೆ. ಮಗಳು ಮದುವೆಯಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರಕ್ಕೆ ಹೋದ ಮೇಲೆ, ಪ್ರತಿ ಏಕಾದಶಿಗೆ ಮುಂಚೆ ಅವಳಿಗೆ ದೂರವಾಣಿ ಮಾಡಿ ತಿಳಿಸುವ ಕೆಲಸವನ್ನು ನನ್ನ ಶ್ರೀಮತಿ ವಹಿಸಿಕೊಂಡಿದ್ದಳು. ಮಾತು ಆರಂಭವಾಗುತ್ತಿದ್ದುದೇ ಒಂದು ಪ್ರಶ್ನೆಯಿಂದ: "ಅಲ್ಲಿ ಈಗ ಯಾವ ವಾರ?" ಪ್ರತಿ ಸಲವೂ ಇದೇ ಪ್ರಶ್ನೆ. "ಇಷ್ಟು ವರ್ಷವಾದರೂ ನಿನಗೆ ಅಮೆರಿಕದ ವಾರ ತಿಳಿಯಲಿಲ್ಲವಲ್ಲ" ಎಂದು ನಾನು ಪತ್ರಿಕೆಯ ಹಿಂದಿನಿಂದ ನಗುತ್ತಿದ್ದೆ. ಅವಳು ಉತ್ತರಿಸುತ್ತಿರಲಿಲ್ಲ.

2021ರಲ್ಲಿ ಅವಳು ತೀರಿಕೊಂಡಳು. ಅಮ್ಮನ ವ್ರತವನ್ನು ತಾನು ಬಿಡದೆ ನಡೆಸುವುದಾಗಿ ಮಗಳು ಹೇಳಿದಳು. ತಿಳಿಸುವ ಕೆಲಸ ನನಗೆ ಬಂದಿತು. ನಾನು ಅದನ್ನು ಅಚ್ಚುಕಟ್ಟಾಗಿ ಮಾಡುತ್ತೇನೆಂದು ಭಾವಿಸಿ ಬಂಧುಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರತಿ ದಶಮಿಯ ಸಂಜೆ ಏಳು ಗಂಟೆಗೆ ಒಂದು ಸಾಲು ಬರೆಯತೊಡಗಿದೆ: "ನಾಳೆ ಏಕಾದಶಿ." ಅಣ್ಣನ ಮಗ ಲಂಡನ್ನಿನಲ್ಲಿ, ತಂಗಿಯ ಮಗಳು ಸಿಡ್ನಿಯಲ್ಲಿ, ಇನ್ನೊಬ್ಬ ಸೋದರಳಿಯ ದುಬೈಯಲ್ಲಿ. ಎಲ್ಲರಿಗೂ ಅದೊಂದೇ ಸಾಲು. ಎಲ್ಲರೂ ಕೈಮುಗಿದ ಚಿತ್ರ ಹಾಕುತ್ತಿದ್ದರು. ನಾನೂ ತೃಪ್ತನಾಗಿದ್ದೆ.

2024ರ ಜ್ಯೇಷ್ಠ ಶುದ್ಧ ಏಕಾದಶಿ, ಅಂದರೆ ನಿರ್ಜಲ ಏಕಾದಶಿ, ನಮ್ಮಲ್ಲಿ ಜೂನ್ 18ರ ಮಂಗಳವಾರ ಬಂದಿತು. ಸೋಮವಾರ ಸಂಜೆ ಏಳಕ್ಕೆ ಎಂದಿನಂತೆ "ನಾಳೆ ಏಕಾದಶಿ" ಎಂದು ಬರೆದೆ. ಮಂಗಳವಾರ ರಾತ್ರಿ ಎಂಟೂವರೆಯ ಹೊತ್ತಿಗೆ, ಬರಿಯ ಹೊಟ್ಟೆಯಲ್ಲಿ ಆರಾಮಕುರ್ಚಿಯ ಮೇಲೆ ಕುಳಿತಿದ್ದಾಗ ಮಗಳ ಕರೆ ಬಂದಿತು. ಅಲ್ಲಿ ಆಗ ಮಂಗಳವಾರ ಬೆಳಿಗ್ಗೆ ಎಂಟು ಗಂಟೆ. ಹಿಂದಿನ ರಾತ್ರಿಯಿಂದ ನೀರನ್ನೂ ಮುಟ್ಟದೆ ಅವಳು ಸಮೀಪದ ದೇವಸ್ಥಾನಕ್ಕೆ ಹೋಗಿದ್ದಳು. ಅಲ್ಲಿ ಅರ್ಚಕರು ತೀರ್ಥ ಪ್ರಸಾದ ಕೊಡಲು ಬಂದಾಗ ಇವಳು ಉಪವಾಸವೆಂದಳಂತೆ. ಅವರು ಆಶ್ಚರ್ಯದಿಂದ, "ಏಕಾದಶಿ ನಿನ್ನೆಯೇ ಆಯಿತಲ್ಲಮ್ಮ, ಇಂದು ದ್ವಾದಶಿ" ಎಂದರಂತೆ.

"ಅಪ್ಪಾ, ನಿನ್ನೆ ನಾವು ಅನ್ನ ಸಾರು ಉಂಡಿದ್ದೇವೆ. ಅಮ್ಮನಿದ್ದಾಗ ಹೀಗೆ ಒಂದು ಸಲವೂ ಆಗಿರಲಿಲ್ಲ" ಎಂದಳು. ದೂರು ಹೇಳುವ ಧ್ವನಿಯಲ್ಲ ಅದು. ದೂರಿದ್ದರೆ ನನಗೆ ಸುಲಭವಾಗುತ್ತಿತ್ತು.

ದ್ವಾದಶಿ ಅಲ್ಲಿ ಆ ಸಂಜೆ ಸುಮಾರು ಏಳರವರೆಗೆ ಇದ್ದುದರಿಂದ, ಕೂಡಲೇ ತುಳಸಿಯ ನೀರು ತೆಗೆದುಕೊಂಡು ಊಟ ಮಾಡೆಂದೂ, ದ್ವಾದಶಿಯ ಪಾರಣೆಯನ್ನಾದರೂ ತಪ್ಪಿಸಬೇಡವೆಂದೂ ಹೇಳಿದೆ. ಆಮೇಲೆ ಪಂಚಾಂಗವನ್ನೂ ಒಂದು ಬಿಳಿಯ ಹಾಳೆಯನ್ನೂ ತೆಗೆದುಕೊಂಡು ಕುಳಿತೆ.

ಮೊದಲು ತಿಳಿಯಬೇಕಾದ ಮಾತು ಇದು. ತಿಥಿಯೆಂಬುದು ಗಡಿಯಾರದ ದಿನವಲ್ಲ. ಚಂದ್ರನು ಸೂರ್ಯನಿಂದ ಹನ್ನೆರಡು ಅಂಶಗಳಷ್ಟು ಮುಂದೆ ಸರಿದರೆ ಒಂದು ತಿಥಿ. ಆದ್ದರಿಂದ ತಿಥಿ ಆರಂಭವಾಗುವ ಮತ್ತು ಮುಗಿಯುವ ಗಳಿಗೆ ಇಡೀ ಭೂಮಿಗೆ ಒಂದೇ. ಆದರೆ ಆ ದಿನಕ್ಕೆ ಯಾವ ತಿಥಿಯ ಹೆಸರೆಂಬುದನ್ನು ನಿಶ್ಚಯಿಸುವುದು ಸೂರ್ಯೋದಯ, ಮತ್ತು ಸೂರ್ಯೋದಯ ಊರೂರಿಗೆ ಬೇರೆ. ಕಿತ್ತಳೆ ಹಣ್ಣಿನ ಮೇಲೆ ಬೆಳಕಿನ ಗೆರೆ ಹರಿಯುತ್ತಾ ಹೋಗುತ್ತದೆ. ಒಂದು ಸೂಜಿಗೆ ಬೆಳಕು ತಗಲಿದಾಗ ಇದ್ದ ತಿಥಿ, ಇನ್ನೊಂದಕ್ಕೆ ತಗಲುವಷ್ಟರಲ್ಲಿ ಮುಗಿದಿರಬಹುದು.

ಆ ಸಲದ ಏಕಾದಶಿ ನಮ್ಮ ಗಡಿಯಾರದಂತೆ ಜೂನ್ 17ರ ಬೆಳಗಿನ ಜಾವ 4.43ಕ್ಕೆ ಆರಂಭವಾಗಿ, ಜೂನ್ 18ರ ಬೆಳಿಗ್ಗೆ 6.24ಕ್ಕೆ ಮುಗಿಯಿತು. ಬೆಂಗಳೂರಿನಲ್ಲಿ ಸೂರ್ಯೋದಯ ಸುಮಾರು 5.54ಕ್ಕೆ. ಅಂದರೆ ಸೋಮವಾರದ ಸೂರ್ಯೋದಯಕ್ಕೂ ಏಕಾದಶಿ ಇತ್ತು, ಮಂಗಳವಾರದ ಸೂರ್ಯೋದಯಕ್ಕೂ ಅರ್ಧ ಗಂಟೆಯಷ್ಟು ಉಳಿದಿತ್ತು. ನಮ್ಮ ಸಂಪ್ರದಾಯದಲ್ಲಿ ಸೂರ್ಯೋದಯಕ್ಕೆ ನಾಲ್ಕು ಗಳಿಗೆ ಮುಂಚಿನಿಂದ, ಅಂದರೆ 96 ನಿಮಿಷ ಮುಂಚಿನಿಂದ, ಅರುಣೋದಯ ಕಾಲ. ಆ ಕಾಲದಲ್ಲಿ ದಶಮಿಯ ಸೋಂಕು ಇರಕೂಡದು. ಸೋಮವಾರ ಅರುಣೋದಯ 4.18ಕ್ಕೇ ಆರಂಭವಾಗಿತ್ತು; ದಶಮಿ 4.43ರವರೆಗೆ ಇತ್ತು. ಆದ್ದರಿಂದ ಸೋಮವಾರವನ್ನು ಬಿಟ್ಟು ಮಂಗಳವಾರ ಉಪವಾಸ.

ಅದೇ ತಿಥಿಯನ್ನು ಸ್ಯಾನ್ ಹೋಸೆಯ ಗಡಿಯಾರಕ್ಕೆ ಇಳಿಸೋಣ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಹಾಗಾಗಿ ಏಕಾದಶಿ ಅಲ್ಲಿ ಜೂನ್ 16ರ ಭಾನುವಾರ ಸಂಜೆ 4.13ಕ್ಕೆ ಆರಂಭವಾಗಿ, ಸೋಮವಾರ ಸಂಜೆ 5.54ಕ್ಕೆ ಮುಗಿದಿತ್ತು. ಈ ಅವಧಿಯೊಳಗೆ ಬಂದ ಸೂರ್ಯೋದಯ ಒಂದೇ, ಸೋಮವಾರ ಬೆಳಿಗ್ಗೆ 5.47ರದು. ಆ ಅರುಣೋದಯದಲ್ಲಿ ದಶಮಿಯ ಸುಳಿವೂ ಇಲ್ಲ. ಅಲ್ಲಿಗೆ ಅದು ಶುದ್ಧವಾದ ಏಕಾದಶಿ. ಸೋಮವಾರವೇ ಉಪವಾಸ, ಮಂಗಳವಾರ ಪಾರಣೆ.

ಈಗ ನನ್ನ ಸಾಲನ್ನು ನೋಡಿ. ಬೆಂಗಳೂರಿನ ಸೋಮವಾರ ಸಂಜೆ ಏಳು ಗಂಟೆ ಎಂದರೆ ಅಲ್ಲಿ ಸೋಮವಾರ ಬೆಳಿಗ್ಗೆ ಆರೂವರೆ. ಉಪವಾಸದ ದಿನದ ಸೂರ್ಯ ಆಗಲೇ ಹುಟ್ಟಿ ಮುಕ್ಕಾಲು ಗಂಟೆಯಾಗಿತ್ತು. ಆ ಹೊತ್ತಿನಲ್ಲಿ ಮಗಳು ಓದಿದ್ದು "ನಾಳೆ ಏಕಾದಶಿ" ಎಂದು. ಅವಳ ನಾಳೆ ಮಂಗಳವಾರ. ಒಂದೇ ಸಾಲಿನಲ್ಲಿ ಎರಡು ತಪ್ಪುಗಳಿದ್ದವು. ನನ್ನ ಊರಿನ ದಿನವನ್ನು ಅವಳ ಊರಿಗೆ ಹೇರಿದ್ದು ಒಂದು; ಸರಿಯಾದ ದಿನವನ್ನೇ ಬರೆದಿದ್ದರೂ ಪ್ರಯೋಜನವಾಗದಷ್ಟು ತಡಮಾಡಿ ಬರೆದಿದ್ದು ಇನ್ನೊಂದು.

ಹಾಗಾದರೆ ಮೂರು ವರ್ಷ ಇದು ಹೇಗೆ ನಡೆಯಿತು? ಇದೇ ನನ್ನನ್ನು ಹೆಚ್ಚು ಕಾಡಿದ ಪ್ರಶ್ನೆ. ಏಕಾದಶಿ ಎರಡೂ ಊರುಗಳಲ್ಲಿ ಒಂದೇ ತಾರೀಖಿಗೆ ಬಂದಾಗ ನನ್ನ ಸಾಲು ಸರಿಯಾಗಿಯೇ ಇರುತ್ತಿತ್ತು. ಸೋಮವಾರ ಬೆಳಿಗ್ಗೆ ಓದಿ ಮಂಗಳವಾರ ಉಪವಾಸ ಮಾಡಿದರೆ ಲೆಕ್ಕ ಹೊಂದುತ್ತಿತ್ತು. ತಾರೀಖು ಬೇರೆಯಾದಾಗ ಮಾತ್ರ ತಪ್ಪು. ಆದರೆ ತಪ್ಪಾದದ್ದು ಯಾರಿಗೂ ಕಾಣದು. ಹಸಿವು ಎಲ್ಲ ದಿನವೂ ಒಂದೇ ಬಗೆಯದು, ತಪ್ಪು ದಿನದ ಉಪವಾಸಕ್ಕೆ ಬೇರೆ ಗುರುತಿಲ್ಲ. ಹಳೆಯ ಪಂಚಾಂಗಗಳನ್ನು ತೆಗೆದು ಹಿಂದಿನ ಏಕಾದಶಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ನಿರ್ಜಲ ಏಕಾದಶಿ ಮೊದಲನೆಯದಲ್ಲವೆಂದು ತಿಳಿಯಿತು. ಆ ಪಟ್ಟಿಯನ್ನು ಮಗಳಿಗೆ ತೋರಿಸಿಲ್ಲ.

ಮಿಕ್ಕ ಊರುಗಳನ್ನೂ ಅಂದು ರಾತ್ರಿಯೇ ನೋಡಿದೆ. ಸಿಡ್ನಿಯ ಗಡಿಯಾರ ಜೂನಿನಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಅಲ್ಲಿ ಏಕಾದಶಿ ಆರಂಭವಾದದ್ದು ಸೋಮವಾರ ಬೆಳಿಗ್ಗೆ 9.13ಕ್ಕೆ, ಸೂರ್ಯೋದಯವಾಗಿ ಎರಡು ಗಂಟೆಯ ಮೇಲೆ. ಆದ್ದರಿಂದ ಅವರಿಗೆ ನಮ್ಮಂತೆ ಮಂಗಳವಾರ. ಲಂಡನ್ನಿನಲ್ಲಿ ಭಾನುವಾರ ನಡುರಾತ್ರಿ ಕಳೆದು ಹದಿಮೂರು ನಿಮಿಷಕ್ಕೆ ಆರಂಭವಾಗಿತ್ತು. ಅಲ್ಲಿ ಜೂನಿನ ಸೂರ್ಯ 4.43ಕ್ಕೇ ಹುಟ್ಟುವುದರಿಂದ ಅವರಿಗೆ ಸೋಮವಾರ. ದುಬೈ ನಮಗೆ ಬರಿಯ ಒಂದೂವರೆ ಗಂಟೆ ದೂರ, ಬೇರೆಯಾಗುವ ಸಂಭವವಿಲ್ಲವೆಂದುಕೊಂಡಿದ್ದೆ. ಅಲ್ಲಿಯೂ ಸೋಮವಾರವೇ! ಏಕಾದಶಿ 3.13ಕ್ಕೆ ಬಂದಿತ್ತು, ಅರುಣೋದಯ ಆರಂಭವಾದದ್ದು 3.53ರ ಹೊತ್ತಿಗೆ. ನಲವತ್ತು ನಿಮಿಷದ ಅಂತರದಲ್ಲಿ ದಶಮಿಯ ಸೋಂಕು ತಪ್ಪಿತ್ತು. ಒಂದೇ ಸಾಲನ್ನು ಓದಿದ ನಾಲ್ಕು ಮನೆಗಳಲ್ಲಿ ಒಂದಕ್ಕೆ ಮಾತ್ರ ಅದು ಸರಿಯಾಗಿತ್ತು.

ದುಬೈಯ ಮಾತು ಬಂದಾಗ ನನ್ನ ಸಹೋದ್ಯೋಗಿಯಾಗಿದ್ದ ಉರ್ದು ಮೇಷ್ಟರು ನೆನಪಾಗುತ್ತಾರೆ. ಆ ಸೋಮವಾರವೇ ನಮ್ಮಲ್ಲಿ ಬಕ್ರೀದ್. ಹಬ್ಬದ ಶುಭಾಶಯ ಹೇಳಲು ಕರೆ ಮಾಡಿದಾಗ, ದುಬೈಯಲ್ಲಿರುವ ಅವರ ಮಗನ ಮನೆಯಲ್ಲಿ ಹಬ್ಬ ಭಾನುವಾರವೇ ಮುಗಿಯಿತೆಂದು ಹೇಳಿದ್ದರು. ನಾನು "ಹೌದೇ?" ಎಂದು ಕೇಳಿ ಫೋನನ್ನು ಕೆಳಗಿಟ್ಟು, ಅದೇ ಸಂಜೆ ನನ್ನ "ನಾಳೆ"ಯನ್ನು ಬರೆದಿದ್ದೆ. ಅವರದು ಚಂದ್ರದರ್ಶನದ ಲೆಕ್ಕ, ನಮ್ಮದು ಸೂರ್ಯೋದಯದ ಲೆಕ್ಕ. ಆದರೂ ಪಾಠ ಬಾಗಿಲಿಗೇ ಬಂದು ನಿಂತಿತ್ತು.

ಇನ್ನು ಇಂಥ ತಪ್ಪಿಗೆ ಇನ್ನೊಂದು ಹಾದಿಯಿದೆ. ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಹಾದಿಯಲ್ಲಿ ನಡೆದಿದ್ದ. ಅವನ ಬಳಿ ಊರಿನಿಂದ ಒಯ್ದ ಪಂಚಾಂಗವಿತ್ತು. ಪಂಚಾಂಗಗಳಲ್ಲಿ ತಿಥಿಯ ಅಂತ್ಯವನ್ನು ಗಳಿಗೆ ವಿಗಳಿಗೆಗಳಲ್ಲಿ ಕೊಡುತ್ತಾರೆ, ಸೂರ್ಯೋದಯದಿಂದ ಎಣಿಸಿ. ಗಳಿಗೆಗೆ 24 ನಿಮಿಷ. ಬೆಂಗಳೂರಿನ ಆ ಮಂಗಳವಾರದ ಏಕಾದಶಿಗೆ 1-15 ಎಂದು ಬರುತ್ತದೆ, ಅಂದರೆ ಮೂವತ್ತು ನಿಮಿಷ. ಅವನು ಅದನ್ನು ತನ್ನೂರಿನ ಸೂರ್ಯೋದಯಕ್ಕೆ ಕೂಡಿಸಿದ. ಮಂಗಳವಾರ ಬೆಳಿಗ್ಗೆ ಅಲ್ಲಿಯೂ ಅರ್ಧ ಗಂಟೆ ಏಕಾದಶಿ ಇರುವಂತೆ ಉತ್ತರ ಬಂದಿತು! ನಿಜವಾಗಿ ಅದು ಹಿಂದಿನ ಸಂಜೆಯೇ ಮುಗಿದಿತ್ತು. ಗಳಿಗೆಗಳನ್ನು ಅಚ್ಚಾದ ಊರಿನ ಸೂರ್ಯೋದಯಕ್ಕೆ ಕೂಡಿಸಿ ಭಾರತದ ಗಡಿಯಾರಕ್ಕೆ ತಂದು, ಆ ಗಂಟೆಯನ್ನು ಅಲ್ಲಿನ ಗಡಿಯಾರಕ್ಕೆ ಬದಲಿಸಿ, ಆಮೇಲೆ ಅಲ್ಲಿನ ಸೂರ್ಯೋದಯದ ಪಕ್ಕದಲ್ಲಿಟ್ಟು ನೋಡಬೇಕು. ಈ ಮೂರು ಮೆಟ್ಟಿಲುಗಳಲ್ಲಿ ಯಾವುದನ್ನು ಹಾರಿದರೂ ಬೀಳುತ್ತೇವೆ.

ಅಂದಿನಿಂದ ನಾನು ತಿಳಿಸುವ ಕ್ರಮವನ್ನು ಬದಲಿಸಿದ್ದೇನೆ. ಮೊದಲನೆಯದಾಗಿ, ನಿನ್ನೆ, ಇಂದು, ನಾಳೆ ಎಂಬ ಪದಗಳನ್ನು ಸಂಪೂರ್ಣವಾಗಿ ಬಿಟ್ಟೆ. ಊರು, ತಾರೀಖು, ವಾರ ಈ ಮೂರನ್ನೂ ಬರೆಯುತ್ತೇನೆ. ಆ ಏಕಾದಶಿಗೆ ಬರೆಯಬೇಕಾಗಿದ್ದುದು ಹೀಗೆ:

ಬೆಂಗಳೂರು: ಏಕಾದಶಿ ಜೂನ್ 18, ಮಂಗಳವಾರ. ಪಾರಣೆ ಜೂನ್ 19, ಬುಧವಾರ, ಬೆಳಿಗ್ಗೆ 5.54ರ ನಂತರ, 7.28ರೊಳಗೆ.

ಸ್ಯಾನ್ ಹೋಸೆ: ಏಕಾದಶಿ ಜೂನ್ 17, ಸೋಮವಾರ. ಪಾರಣೆ ಜೂನ್ 18, ಮಂಗಳವಾರ, ಬೆಳಿಗ್ಗೆ 5.47ರ ನಂತರ.

ಎರಡನೆಯದು ತಿಳಿಸುವ ಹೊತ್ತು. ಎಲ್ಲರಿಗಿಂತ ಮೊದಲು ಉಪವಾಸಕ್ಕೆ ತೊಡಗುವ ತಾರೀಖು ಯಾವುದೆಂದು ನೋಡಿ, ಅದರ ಹಿಂದಿನ ದಿನ ಬೆಳಿಗ್ಗೆ ಆರೂವರೆಗೆ ಬರೆಯುತ್ತೇನೆ. ಮೇಲಿನ ಪ್ರಸಂಗದಲ್ಲಿ ಅದು ಭಾನುವಾರ ಬೆಳಿಗ್ಗೆ ಆರೂವರೆ. ಆಗ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ಸಂಜೆ ಆರು ಗಂಟೆ. ಮಗಳಿಗೆ ದಶಮಿಯ ಭಾನುವಾರ ಪೂರ್ತಿ ಉಳಿದಿರುತ್ತದೆ: ರಾತ್ರಿಯ ಊಟ ಬಿಡುವುದಕ್ಕೂ, ಸೋಮವಾರ ಕಚೇರಿಯವರ ಜೊತೆ ಊಟಕ್ಕೆ ಒಪ್ಪಿಕೊಂಡಿದ್ದರೆ ಅದನ್ನು ಮುಂದೂಡುವುದಕ್ಕೂ ಸಮಯವಿರುತ್ತದೆ. ಸಿಡ್ನಿಯಲ್ಲಿ ಭಾನುವಾರ ಹನ್ನೊಂದು ಗಂಟೆ, ಎಚ್ಚರವಾಗಿರುತ್ತಾರೆ. ಲಂಡನ್ನಿನಲ್ಲಿ ಮಾತ್ರ ನಡುರಾತ್ರಿ ಎರಡು ಗಂಟೆ. ಎದ್ದಾಗ ಓದುತ್ತಾರೆ, ಓದಿದಾಗಲೂ ಒಂದು ಹಗಲು ಕೈಯಲ್ಲಿರುತ್ತದೆ. ಅಮೆರಿಕದವರು ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಸರಿಸುತ್ತಾರೆ, ಮಾರ್ಚಿನಲ್ಲಿ ಮುಂದಕ್ಕೆ. ಆರೂವರೆಯ ಕ್ರಮಕ್ಕೆ ಇದರಿಂದ ಬಾಧಕವಿಲ್ಲ, ಶನಿವಾರ ಆರರ ಬದಲು ಐದಕ್ಕೆ ತಲಪುತ್ತದೆ ಅಷ್ಟೆ. ಆದರೆ ಪಾರಣೆಯ ಗಂಟೆಯನ್ನು ಬದಲಿಸುವಾಗ ಅದನ್ನು ಮರೆತರೆ ಒಂದು ಗಂಟೆ ತಪ್ಪಿಹೋಗುತ್ತದೆ.

ಮೂರನೆಯದು ಪಾರಣೆಯ ನೆನಪು. ಇದನ್ನು ಗುಂಪಿನಲ್ಲಿ ಹಾಕುವುದನ್ನು ನಿಲ್ಲಿಸಿದೆ. ಮುಂದೊಂದು ಏಕಾದಶಿಯಂದು ಮಗಳಿಗೆಂದು "ಈಗ ಪಾರಣೆ ಮಾಡಬಹುದು" ಎಂದು ಗುಂಪಿನಲ್ಲಿಯೇ ಬರೆದೆ. ಅಲ್ಲಿ ಅದು ದ್ವಾದಶಿಯ ಬೆಳಗು, ಇಲ್ಲಿ ಏಕಾದಶಿಯ ಸಂಜೆ. ಐದು ನಿಮಿಷದೊಳಗೆ ಮೈಸೂರಿನಿಂದ ಅಕ್ಕನ ಕರೆ: "ಏನೋ, ಏಕಾದಶಿಯ ಸಂಜೆ ಪಾರಣೆ ಮಾಡಿ ಅಂತ ಬರೆದಿದ್ದೀಯಲ್ಲ, ನಿನಗೆ ಹಸಿವು ತಡೆಯಲಿಲ್ಲವೇನೋ?" ಎಂಬತ್ತು ದಾಟಿದ ಆಕೆ ಇನ್ನೂ ನಿಯಮ ತಪ್ಪಿಲ್ಲ. ಒಂದು ವೇಳೆ ನನ್ನ ಮಾತನ್ನು ನಂಬಿ ಊಟಕ್ಕೆ ಕುಳಿತಿದ್ದರೆ? ಈಗ ಪಾರಣೆಯ ನೆನಪು ಅವರವರಿಗೆ ಪ್ರತ್ಯೇಕವಾಗಿ ಹೋಗುತ್ತದೆ.

ಈ ಲೆಕ್ಕಕ್ಕೂ ಒಂದು ಮಿತಿಯಿದೆ. ನಾನು ಮೇಲೆ ಕೊಟ್ಟ ಗಂಟೆಗಳು ದೃಗ್ಗಣಿತದವು. ಸೂರ್ಯಸಿದ್ಧಾಂತದ ಗಣಿತವನ್ನು ಅನುಸರಿಸುವ ಪಂಚಾಂಗಗಳಲ್ಲಿ ಅದೇ ತಿಥಿಯ ಅಂತ್ಯ ಕೆಲವು ಗಂಟೆಗಳಷ್ಟು ಬೇರೆಯಾಗುವುದುಂಟು. ಹಾಗಾದಾಗ ದುಬೈಯಂಥ ನಲವತ್ತು ನಿಮಿಷದ ನಿರ್ಣಯ ತಿರುಗಿಬೀಳಬಹುದು. ಆದ್ದರಿಂದ ಯಾವ ಪಂಚಾಂಗವನ್ನು ಹಿಡಿದಿದ್ದೇವೆ ಎಂಬುದನ್ನು ಒಂದು ಸಲ ನಿಶ್ಚಯಿಸಿಕೊಂಡು, ಎಲ್ಲ ಊರುಗಳಿಗೂ ಅದನ್ನೇ ಬಳಸಬೇಕು. ಊರಿಗೊಂದು ಪಂಚಾಂಗ ಹಿಡಿದರೆ ಏಕಾದಶಿ ಯಾವ ದಿನವೂ ಆಗಬಹುದು, ಯಾವ ದಿನವೂ ಆಗದೆ ಇರಬಹುದು.

"ಇಷ್ಟೆಲ್ಲ ಏಕೆ ಮೇಷ್ಟರೇ, ಭಾರತದ ದಿನವನ್ನೇ ಎಲ್ಲರೂ ಆಚರಿಸಿದರಾಯಿತಲ್ಲ?" ಎಂದು ಅದೇ ವಿದ್ಯಾರ್ಥಿ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಾವು ಸಂಕಲ್ಪ ಮಾಡುವಾಗ ಕಾಲವನ್ನು ಮಾತ್ರ ಹೇಳುವುದಿಲ್ಲ, ಕುಳಿತ ದೇಶವನ್ನೂ ಹೇಳುತ್ತೇವೆ. ಸ್ಯಾನ್ ಹೋಸೆಯಲ್ಲಿ ಕುಳಿತು ಬೆಂಗಳೂರಿನ ಸೂರ್ಯನಿಗೆ ಅರ್ಘ್ಯ ಕೊಡಲಾಗದು. ಅದೇ ಸೂರ್ಯನ ಉದಯದಿಂದ ಎಣಿಸುವ ವ್ರತಕ್ಕೂ ಅಲ್ಲಿನ ಉದಯವೇ ಪ್ರಮಾಣ.

ಹಳೆಯ ಪಂಚಾಂಗಗಳನ್ನು ತೆಗೆದೆನೆಂದು ಮೇಲೆ ಬರೆದೆನಷ್ಟೆ. ಅವುಗಳಲ್ಲಿ ನನ್ನ ಶ್ರೀಮತಿ ಬಳಸುತ್ತಿದ್ದ ಪುಟ್ಟ ಪಂಚಾಂಗಗಳೂ ಇದ್ದವು. ಪ್ರತಿ ಏಕಾದಶಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಎರಡು ವಾರಗಳನ್ನು ಬರೆದಿದ್ದಳು, ಒಂದು ನಮಗೆ, ಒಂದು ಮಗಳಿಗೆ. ಕೆಲವು ಕಡೆ ಎರಡೂ ಒಂದೇ, ಕೆಲವು ಕಡೆ ಬೇರೆ. ಒಂದು ರಟ್ಟಿನ ಒಳಬದಿಯಲ್ಲಿ "31ಕ್ಕಿಂತ ಕಡಿಮೆ ಇದ್ದರೆ ನೋಡು" ಎಂದು ಬರೆದಿತ್ತು. ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬೇಸಿಗೆಯಲ್ಲಿ ಒಂದೇ ತಾರೀಖಿನ ಸೂರ್ಯ ಬೆಂಗಳೂರಿನಲ್ಲಿ ಹುಟ್ಟಿದ ಮೇಲೆ ಸ್ಯಾನ್ ಹೋಸೆಯಲ್ಲಿ ಹುಟ್ಟಲು ಸುಮಾರು ಹನ್ನೆರಡು ಗಂಟೆ ಇಪ್ಪತ್ತಮೂರು ನಿಮಿಷ ಬೇಕು. ಅದು ಮೂವತ್ತೊಂದು ಗಳಿಗೆ. ಪಂಚಾಂಗದಲ್ಲಿ ಏಕಾದಶಿಗೆ ಅದಕ್ಕಿಂತ ಕಡಿಮೆ ಗಳಿಗೆ ಇದ್ದರೆ, ಅಲ್ಲಿ ಅದೇ ತಾರೀಖಿನ ಸೂರ್ಯೋದಯಕ್ಕೆ ಏಕಾದಶಿ ಉಳಿದಿರುವುದಿಲ್ಲ. ಹಿಂದಿನ ದಿನವಾಗಿರಬಹುದೇ ಎಂದು ಅರುಣೋದಯವನ್ನು ನೋಡಿ ನಿರ್ಣಯಿಸಬೇಕು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ತಡವಾಗಿ ಹುಟ್ಟುವುದರಿಂದ ಈ ಅಂಕಿ ಮೂವತ್ತೈದರ ಆಸುಪಾಸಿಗೆ ಏರುತ್ತದೆ. ಕೆಳಗೆ ಅದನ್ನೂ ಬರೆದಿದ್ದಳು: "ಧನುರ್ಮಾಸದಲ್ಲಿ 35."

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಅವಳು. ಕಿತ್ತಳೆ ಹಣ್ಣು, ಮೇಣದ ಬತ್ತಿ ಯಾವುದನ್ನೂ ಅವಳಿಗೆ ನಾನು ತೋರಿಸಿರಲಿಲ್ಲ.

ಈಗ ಏಕಾದಶಿಗೆ ಎರಡು ದಿನ ಮುಂಚೆ ನಾನೂ ಮಗಳಿಗೆ ಕರೆ ಮಾಡುತ್ತೇನೆ. ಬರೆದದ್ದನ್ನು ಓದಿ ತಿಳಿಯಬಲ್ಲಳು, ಕರೆಯ ಅಗತ್ಯವಿಲ್ಲ. ಆದರೂ ಮಾಡುತ್ತೇನೆ. ಅವಳು "ಹಲೋ" ಎಂದ ಕೂಡಲೇ ಮೊದಲು ಕೇಳುವುದು, "ಅಲ್ಲಿ ಈಗ ಯಾವ ವಾರ?" ಎಂದು. ಆ ಕಡೆಯಿಂದ ಒಂದು ಕ್ಷಣ ಮಾತು ಬರುವುದಿಲ್ಲ. ಆಮೇಲೆ ವಾರ ಹೇಳುತ್ತಾಳೆ.